ಮಾನಿಟರ್ ಮಲಗಿದರೆ ವಿಂಡೋಗಳ ಗುಳೆ

ಎರಡು ಮಾನಿಟರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಈ ಕಾಟ ಹೊಸದೇನಲ್ಲ. ಎಡಗಡೆ ಟ್ಯಾಲಿ, ಬಲಗಡೆ ಎಕ್ಸೆಲ್ ತೆರೆದಿಟ್ಟು ಊಟಕ್ಕೆ ಏಳುತ್ತೀರಿ. ಸ್ವಲ್ಪ ಹೊತ್ತಿಗೆ ಪರದೆಗಳು ಕಪ್ಪಾಗುತ್ತವೆ. ಬಂದು ಮೌಸ್ ಅಲುಗಾಡಿಸಿದರೆ ಎಡಗಡೆ ಬರೀ ವಾಲ್‌ಪೇಪರ್; ಟ್ಯಾಲಿ ಬಲಗಡೆಗೆ ಹಾರಿ ಎಕ್ಸೆಲ್ ಮೇಲೆ ಕೂತಿದೆ. ಕಂಪ್ಯೂಟರಿಗೆ ವೈರಸ್ ಹೊಕ್ಕಿತೇನೋ ಎಂದು ಅನುಮಾನಪಡುವವರೂ ಇದ್ದಾರೆ. ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಮಾನಿಟರುಗಳ ಹಿಂದೆ ಬಗ್ಗಿ ನೋಡಿ. ಹೀಗಾಗುವ ಕಡೆ ಹೆಚ್ಚಿನ ಸಲ ಒಂದು ಡಿಸ್‌ಪ್ಲೇಪೋರ್ಟ್ ಕೇಬಲ್ಲಿನದು, ಇನ್ನೊಂದು ಎಚ್‌ಡಿಎಂಐ ಕೇಬಲ್ಲಿನದು. ಎರಡರಲ್ಲೂ ಚಿತ್ರ ಸಾಗಿಸುವ ತಂತಿಗಳ ಜೊತೆಗೆ, ‘ಮಾನಿಟರ್ ಇಲ್ಲಿದೆ’ ಎಂದು ಕಂಪ್ಯೂಟರಿಗೆ ತಿಳಿಸಲೆಂದೇ ಒಂದು ತಂತಿ ಇರುತ್ತದೆ. ಇದರ ಹೆಸರು ಹಾಟ್ ಪ್ಲಗ್ ಡಿಟೆಕ್ಟ್. ವಿದ್ಯುತ್ ಉಳಿಸಲು ಗಾಢ ನಿದ್ರೆಗೆ ಹೋಗುವ ಅನೇಕ ಡಿಸ್‌ಪ್ಲೇಪೋರ್ಟ್ ಮಾನಿಟರುಗಳು ಈ ಸಂಕೇತವನ್ನೂ ನಿಲ್ಲಿಸಿಬಿಡುತ್ತವೆ. ಆಗ ಮಾನಿಟರ್ ಮಲಗಿದೆಯೋ, ಯಾರೋ ಕೇಬಲ್ಲನ್ನೇ ಕಿತ್ತರೋ ಎಂಬುದು ವಿಂಡೋಸ್‌ಗೆ ಗೊತ್ತಾಗುವುದಿಲ್ಲ. ಕಿತ್ತಿದ್ದಾರೆಂದೇ ಲೆಕ್ಕ ಹಾಕಿ, ಅಲ್ಲಿದ್ದದ್ದನ್ನೆಲ್ಲ ಉಳಿದ ಪರದೆಗೆ ಸಾಗಿಸುತ್ತದೆ. ಎಚ್‌ಡಿಎಂಐನಲ್ಲಿ ಮಾನಿಟರಿನ ವಿವರ ಬರೆದಿಟ್ಟ ಪುಟ್ಟ ಚಿಪ್ಪಿಗೆ ಕಂಪ್ಯೂಟರೇ ಕೇಬಲ್ ಮೂಲಕ 5 ವೋಲ್ಟ್ ಕೊಡುತ್ತದೆ. ಹಾಗಾಗಿ ಬಹಳಷ್ಟು ಎಚ್‌ಡಿಎಂಐ ಮಾನಿಟರುಗಳು ನಿದ್ದೆಯಲ್ಲೂ ಹಾಜರಿ ಹೇಳುತ್ತವೆ. ಎಲ್ಲವೂ ಅಲ್ಲ, ಬಹಳಷ್ಟು.

ಎರಡೂ ಡಿಸ್‌ಪ್ಲೇಪೋರ್ಟ್ ಆಗಿದ್ದರೆ ಇನ್ನೊಂದು ವಿಚಿತ್ರ ನಡೆಯಬಹುದು. ಕಂಪ್ಯೂಟರಿನ ಪಾಲಿಗೆ ಆಗ ಒಂದು ಪರದೆಯೂ ಉಳಿದಿರುವುದಿಲ್ಲ. ಅದು ಚಿಕ್ಕದೊಂದು ಕಾಲ್ಪನಿಕ ಪರದೆಯನ್ನು ಊಹಿಸಿಕೊಂಡು ವಿಂಡೋಗಳನ್ನು ಅದರೊಳಗೆ ತುರುಕುತ್ತದೆ. ಎದ್ದಾಗ ಎಲ್ಲವೂ ಕುಗ್ಗಿ ಎಡ ಮೇಲ್ಮೂಲೆಯಲ್ಲಿ ಗುಂಪುಗೂಡಿದ್ದರೆ ಕಾರಣ ಇದೇ.

ನಿಮ್ಮದೂ ಇದೇ ರೋಗವೇ ಎಂದು ನೋಡುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ System, Display ಪುಟ ತೆರೆಯಿರಿ. 1 ಮತ್ತು 2 ಎಂದು ಗುರುತಿಸಿದ ಚೌಕಗಳು ಕಾಣುತ್ತವೆ. ಆ ಪುಟವನ್ನು ಬಲಗಡೆ ಇಟ್ಟುಕೊಂಡು, ಎಡ ಮಾನಿಟರನ್ನು ಅದರ ಗುಂಡಿ ಒತ್ತಿ ಆರಿಸಿ. ಒಂದು ಚೌಕ ಮಾಯವಾಗಿ ವಿಂಡೋಗಳು ಈಚೆಗೆ ಹಾರಿದರೆ ಸಂಕೇತ ಕಡಿದಿದೆ ಎಂದರ್ಥ. ಕೆಲವು ಮಾನಿಟರುಗಳು ಆರಿಸಿದಾಗ ಒಂದು ರೀತಿ, ಮಲಗಿದಾಗ ಇನ್ನೊಂದು ರೀತಿ ವರ್ತಿಸುತ್ತವೆ. ಆದ್ದರಿಂದ ಪರದೆ ಆರುವ ಸಮಯವನ್ನು ಒಂದು ನಿಮಿಷಕ್ಕಿಳಿಸಿ ಮತ್ತೊಮ್ಮೆ ನೋಡಿಬಿಡಿ.

ಔಷಧವನ್ನು ಮೊದಲು ಮಾನಿಟರಿನ ಸ್ವಂತ ಮೆನುವಿನಲ್ಲೇ ಹುಡುಕಬೇಕು. ಅಂಚಿನ ಗುಂಡಿಗಳನ್ನು ಒತ್ತಿದಾಗ ತೆರೆಯುವ ಆ ಪಟ್ಟಿಯನ್ನು ಜನ ಬೆಳಕು ಹೆಚ್ಚು ಕಡಿಮೆ ಮಾಡಲು ಬಿಟ್ಟು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಅಲ್ಲಿ Deep Sleep ಅಥವಾ ಅದನ್ನು ಹೋಲುವ ಹೆಸರಿದ್ದರೆ Off ಮಾಡಿ. ಯಾವ ಕೇಬಲ್ಲಿನಲ್ಲಿ ಚಿತ್ರ ಬರುತ್ತಿದೆ ಎಂದು ತಾನೇ ಹುಡುಕುವ ಸೌಲಭ್ಯವೂ ಇರುತ್ತದೆ. ಅದನ್ನೂ ನಿಲ್ಲಿಸಿ ಡಿಸ್‌ಪ್ಲೇಪೋರ್ಟನ್ನೇ ಆಯ್ದಿಡಿ. ಸಿಗ್ನಲ್ ನಿಂತಾಗ ಮಾನಿಟರ್ ಬೇರೆ ಕಿಂಡಿಗಳನ್ನು ತಡಕಾಡಲು ಹೊರಡುವುದರಿಂದಲೂ ಸಂಪರ್ಕ ಕಡಿಯುವುದುಂಟು. ಮಲಗಿದಾಗ ವಿದ್ಯುತ್ ತುಸು ಜಾಸ್ತಿ ಖರ್ಚಾಗುತ್ತದೆ, ಅಷ್ಟೇ. ಇಂಥ ಆಯ್ಕೆಯೇ ಇಲ್ಲದ ಅಗ್ಗದ ಮಾದರಿಗಳೂ ಬೇಕಾದಷ್ಟಿವೆ.

ಅಂಥವರಿಗೆ 2021ರಲ್ಲಿ ಬಂದ ವಿಂಡೋಸ್ 11 ನೆರವಾಗುತ್ತದೆ. ಅದೇ Display ಪುಟದ Multiple displays ವಿಭಾಗದಲ್ಲಿ Remember window locations based on monitor connection ಎಂಬ ಸಾಲಿಗೆ ಟಿಕ್ ಹಾಕಿ. ಮಾನಿಟರ್ ಹೋದಾಗ ವಿಂಡೋಗಳು ಹಾರಿದರೂ, ಅದು ಮರಳಿ ಬಂದಾಗ ಹಳೆಯ ಜಾಗಕ್ಕೆ ಹಿಂತಿರುಗುತ್ತವೆ. ಅದರ ಕೆಳಗಿನ Minimize windows when a monitor is disconnected ಸಾಲಿಗೂ ಟಿಕ್ ಇದ್ದರೆ, ಹಾರುವ ಬದಲು ಮಡಚಿಕೊಂಡು ಕೆಳಗಿನ ಪಟ್ಟಿಯಲ್ಲಿ ಕಾಯುತ್ತವೆ. ಇದು ನಿಜವಾಗಿ ತೃಪ್ತಿಕರ ಏರ್ಪಾಡು. ಆದರೆ ಈ ನೆನಪು ಕೇಬಲ್ ಸಿಕ್ಕಿಸಿದ ಕಿಂಡಿಯ ಮೇಲೂ ನಿಂತಿರಬಹುದು, ಅದರಲ್ಲೂ ಒಂದೇ ಮಾದರಿಯ ಎರಡು ಮಾನಿಟರ್ ಇದ್ದಾಗ. ಧೂಳು ಒರೆಸುವಾಗ ಕೇಬಲ್ಲುಗಳನ್ನು ಅದಲುಬದಲು ಮಾಡಬೇಡಿ.

ವಿಂಡೋಸ್ 10ರಲ್ಲಿ ಈ ಆಯ್ಕೆಗಳಿಲ್ಲ. ಅಲ್ಲಿರುವವರು ಪರ್ಸಿಸ್ಟೆಂಟ್ ವಿಂಡೋಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಬಹುದು. ಯಾವ ವಿಂಡೋ ಎಲ್ಲಿತ್ತು ಎಂದು ಅದು ಗುರುತಿಟ್ಟುಕೊಂಡು ಮರಳಿ ಜೋಡಿಸುತ್ತದೆ. ಏನೂ ಹಾಕಿಕೊಳ್ಳುವ ಮನಸ್ಸಿಲ್ಲದವರು ಹಾರಿದ ವಿಂಡೋವನ್ನು ಕ್ಲಿಕ್ಕಿಸಿ, ವಿಂಡೋಸ್ ಕೀಲಿ ಮತ್ತು ಶಿಫ್ಟ್ ಒತ್ತಿ ಹಿಡಿದು ಬಾಣದ ಕೀಲಿ ಒತ್ತಿದರೆ ಅದು ಪಕ್ಕದ ಪರದೆಗೆ ಸರಿಯುತ್ತದೆ. ಕಾಲ್ಪನಿಕ ಪರದೆಯ ಅಳತೆಯನ್ನು ರಿಜಿಸ್ಟ್ರಿಯಲ್ಲಿ ತಿದ್ದುವ ಹಳೆಯ ಉಪಾಯವೊಂದಿದೆ. ಕೈ ತಪ್ಪಿದರೆ ಕಂಪ್ಯೂಟರೇ ಕೈಕೊಡಬಹುದಾದ್ದರಿಂದ ಸಾಮಾನ್ಯ ಬಳಕೆದಾರರಿಗೆ ಅದು ಬೇಡ.

ಇಷ್ಟೆಲ್ಲ ನೋಡುವ ಮೊದಲೇ ಅಂಗಡಿಯವರ ಮಾತು ಕೇಳಿ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ. ಸಂಕೇತ ನಿಲ್ಲಿಸುತ್ತಿರುವುದು ಮಾನಿಟರ್. ಕಾರ್ಡ್ ಬದಲಾಯಿಸಿದರೂ ಅದು ನಿಲ್ಲಿಸುತ್ತಲೇ ಇರುತ್ತದೆ.