ಬೆರಳಿನ ಮೇಲೆ 98, ರಕ್ತದಲ್ಲಿ ಅರ್ಧ

ಸ್ನಾನಕ್ಕೆ ಹೋದ ಹುಡುಗ ಅರ್ಧ ಗಂಟೆಯಾದರೂ ಹೊರಗೆ ಬಂದಿಲ್ಲ. ಕೂಗಿದರೆ ಓಗೊಡುತ್ತಿಲ್ಲ. ಚಿಲಕ ಮುರಿದು ಒಳಗೆ ಹೋದರೆ ನಲ್ಲಿ ಸುರಿಯುತ್ತಲೇ ಇದೆ, ಗ್ಯಾಸ್ ಗೀಸರ್ ಉರಿಯುತ್ತಲೇ ಇದೆ, ಹುಡುಗ ನೆಲದ ಮೇಲೆ ಬಿದ್ದಿದ್ದಾನೆ. ಉಸಿರಾಡುತ್ತಿದ್ದಾನೆ, ಮುಖ ನೀಲಿಯಾಗಿಲ್ಲ. ಕೋವಿಡ್ ಕಾಲದಲ್ಲಿ ಕೊಂಡಿಟ್ಟ ಪಲ್ಸ್ ಆಕ್ಸಿಮೀಟರನ್ನು ಯಾರೋ ಬೆರಳಿಗೆ ಸಿಕ್ಕಿಸಿದರೆ 98 ಎಂದು ತೋರಿಸುತ್ತದೆ. ಆಮ್ಲಜನಕ ಸರಿಯಿದೆ, ಸುಸ್ತಿಗೆ ಬಿದ್ದಿರಬೇಕು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಇಂಥ ಸಾವುಗಳ ಸುದ್ದಿ ಬೆಂಗಳೂರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಆ 98 ಹೇಗೆ ಸುಳ್ಳಾಯಿತು ಎಂಬುದು ಪ್ರತಿ ಮನೆಗೂ ಗೊತ್ತಿರಬೇಕು ಎಂದು ನನಗನ್ನಿಸುತ್ತದೆ.

ಶ್ವಾಸಕೋಶದ ಕೆಲಸ ಆಮ್ಲಜನಕವನ್ನು ರಕ್ತದ ದಡಕ್ಕೆ ತಂದು ಮುಟ್ಟಿಸುವುದು. ಅಲ್ಲಿಂದ ಮುಂದೆ ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಅದರಲ್ಲಿ ನೀರಿನಲ್ಲಿ ಸಕ್ಕರೆಯ ಹಾಗೆ ಸುಮ್ಮನೆ ಕರಗಿರುವುದು 0.3 ಮಿಲಿಲೀಟರ್ ಮಾತ್ರ. ಉಳಿದದ್ದೆಲ್ಲ ಹಿಮೋಗ್ಲೋಬಿನ್‌ನ ಹೆಗಲ ಮೇಲೆ. ಒಂದು ಹಿಮೋಗ್ಲೋಬಿನ್ ಕಣದಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ, ಒಂದೊಂದೂ ಒಂದು ಆಮ್ಲಜನಕಕ್ಕೆ ಪೀಠ.

ಕಾರ್ಬನ್ ಮಾನಾಕ್ಸೈಡ್ ಕೂರುವುದು ಇದೇ ಪೀಠದ ಮೇಲೆ. ಕೂತರೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಕೂರುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಅಲ್ಲಿಗೆ ಶೇಕಡಾ 0.1ರಷ್ಟು ಕಾರ್ಬನ್ ಮಾನಾಕ್ಸೈಡ್ ಬೆರೆತರೆ ಸಾಕು, ಇಬ್ಬರ ಬಲವೂ ಸಮವಾಗಿ, ಕಾಲಕ್ರಮೇಣ ಅರ್ಧ ಪೀಠಗಳು ಅದರ ಪಾಲಾಗುತ್ತವೆ.

ಒಂದು ಸ್ನಾನದ ಮನೆಯ ಲೆಕ್ಕ ಹಾಕಿ ನೋಡೋಣ. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರ: ಒಳಗೆ ಸುಮಾರು 8,000 ಲೀಟರ್ ಗಾಳಿ. ಗೀಸರ್ ಕಾಲು ಗಂಟೆ ಉರಿದರೆ ಸುಮಾರು ಕಾಲು ಕಿಲೋ ಗ್ಯಾಸ್ ಖರ್ಚಾಗಬಹುದು. ಅದು ಪೂರ್ತಿ ಉರಿಯಲು 3,000 ಲೀಟರಿನಷ್ಟು ಗಾಳಿ ಬೇಕು. ಕಿಟಕಿ ಮುಚ್ಚಿದ್ದರೆ, ಹೊಗೆ ಕೊಳವೆ ಹೊರಗೆ ಹೋಗದಿದ್ದರೆ, ಉರಿದ ಗಾಳಿಯನ್ನೇ ಬರ್ನರ್ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಸಾಲದ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಉಗುಳತೊಡಗುತ್ತದೆ. ಮೊದಮೊದಲು ತೀರಾ ಕಡಿಮೆ, ಆಮೇಲೆ ಒಮ್ಮೆಗೇ ಜಾಸ್ತಿ. ನಮ್ಮ ಮೈಯ ಐದು ಲೀಟರ್ ರಕ್ತದ ಅರ್ಧ ಪೀಠ ತುಂಬಲು 500 ಮಿಲಿಲೀಟರ್ ಕಾರ್ಬನ್ ಮಾನಾಕ್ಸೈಡ್ ಸಾಕು. ಶೇಕಡಾ 0.1 ಇರುವ ಗಾಳಿಯಲ್ಲಿ ಅಷ್ಟನ್ನು ಒಳಗೆ ಎಳೆದುಕೊಳ್ಳಲು ಎರಡು ಗಂಟೆ ಬೇಕಾಗುತ್ತದೆ. ಶೇಕಡಾ 1ಕ್ಕೆ ಏರಿದರೆ ಹನ್ನೆರಡು ಹದಿಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದೂ ನಿಧಾನವಾಗಿ ಉಸಿರಾಡುವವರ ಲೆಕ್ಕ. ಸಿಲಿಂಡರಿನ ಗ್ಯಾಸಿಗೆ ಸೋರಿಕೆ ಗೊತ್ತಾಗಲೆಂದೇ ವಾಸನೆ ಬೆರೆಸಿರುತ್ತಾರೆ; ಅದು ಉರಿದು ಹುಟ್ಟಿದ ಈ ಅನಿಲಕ್ಕೆ ವಾಸನೆಯೇ ಇಲ್ಲ. ಹಾಗಾಗಿ ಮೂಸಿ ನೋಡಿ ಧೈರ್ಯ ತಂದುಕೊಳ್ಳುವಂತಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಕ್ತಹೀನತೆಯಿಂದ ಹಿಮೋಗ್ಲೋಬಿನ್ ಅರ್ಧಕ್ಕಿಳಿದ ಹೆಂಗಸರು ಏದುಸಿರು ಬಿಡುತ್ತಲೇ ಕಳೆ ಕೀಳುವುದನ್ನು ನಾವು ಕಂಡಿದ್ದೇವೆ. ಅರ್ಧ ಪೀಠ ಕಳೆದುಕೊಂಡ ಈ ಹುಡುಗ ಏಕೆ ಕುಸಿದ? ಹಿಮೋಗ್ಲೋಬಿನ್‌ನ ನಾಲ್ಕು ಪೀಠಗಳೂ ಒಂದಕ್ಕೊಂದು ಹೊಂದಿಕೊಂಡು ನಡೆಯುವಂಥವು. ಒಂದರಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂತರೆ ಉಳಿದ ಮೂರೂ ತಮ್ಮ ಆಮ್ಲಜನಕವನ್ನು ಬಿಗಿಹಿಡಿಯುತ್ತವೆ. ಮಿದುಳಿಗೂ ಹೃದಯಕ್ಕೂ ತಲುಪಿದ ಮೇಲೂ ಹೊರೆ ಇಳಿಸುವುದಿಲ್ಲ. ರಕ್ತಹೀನರಲ್ಲಿ ಹೊರುವವರು ಕಡಿಮೆ, ಆದರೆ ಇರುವವರು ಇಳಿಸುತ್ತಾರೆ. ಇಲ್ಲಿ ಹೊರುವವರೂ ಕಡಿಮೆ, ಇಳಿಸುವುದೂ ಕಡಿಮೆ.

ದೇಹ ಎಚ್ಚರಿಸುವುದೂ ಇಲ್ಲ. ಕುತ್ತಿಗೆಯ ರಕ್ತನಾಳದ ಕವಲಿನಲ್ಲಿ ಆಮ್ಲಜನಕವನ್ನು ಅಳೆಯುವ ಪುಟ್ಟ ಅಂಗವೊಂದಿದೆ. ಅದು ನೋಡುವುದು ಕರಗಿದ ಆಮ್ಲಜನಕದ ಒತ್ತಡವನ್ನು. ಶ್ವಾಸಕೋಶ ಚೆನ್ನಾಗಿರುವುದರಿಂದ ಆ ಒತ್ತಡ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಹಾಗಾಗಿ ಉಸಿರು ಕಟ್ಟಿದ ಅನುಭವವೇ ಆಗುವುದಿಲ್ಲ. ತಲೆನೋವು, ವಾಕರಿಕೆ, ಮಂಕು ಕವಿದಂತಾಗುವುದು, ಇಷ್ಟೇ. ಪಿತ್ತ ಎಂದು ಸುಮ್ಮನಾಗುವವರು ಎಷ್ಟೋ ಜನ. 1890ರ ದಶಕದಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಗಣಿಗಳಲ್ಲಿ ಸಾಯುವವರ ಕಾರಣ ಹುಡುಕುತ್ತ ತಾವೇ ಈ ಅನಿಲವನ್ನು ಉಸಿರಾಡಿ ಬರೆದಿಟ್ಟರು. ಗಣಿಗೆ ಪುಟ್ಟ ಹಕ್ಕಿಗಳನ್ನು ಒಯ್ಯಿರಿ ಎಂದವರೂ ಅವರೇ. ಈ ವಿಷದಲ್ಲಿ ಪ್ರಜ್ಞೆ ತಪ್ಪುವ ಮೊದಲೇ ಕಾಲು ಸೋಲುತ್ತದೆ. ಒಳಗಿನಿಂದ ಚಿಲಕ ಹಾಕಿಕೊಂಡವರಿಗೆ ಇದರ ಅರ್ಥ ಏನೆಂದು ನೆನೆದರೆ ಸಂಕಟವಾಗುತ್ತದೆ.

ಬೆರಳಿನ ಯಂತ್ರ ಎರಡು ಬಗೆಯ ಬೆಳಕನ್ನು ಹಾಯಿಸಿ ರಕ್ತ ಎಷ್ಟು ಕೆಂಪಗಿದೆ ಎಂದು ನೋಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ ಕೂಡ ಕಡುಗೆಂಪು. ಯಂತ್ರ ಅದನ್ನು ಆಮ್ಲಜನಕ ಹೊತ್ತದ್ದೆಂದೇ ಎಣಿಸುತ್ತದೆ. ನಿಜ ಗೊತ್ತಾಗಬೇಕಾದರೆ ಆಸ್ಪತ್ರೆಯಲ್ಲಿ ಕೋ-ಆಕ್ಸಿಮೀಟರ್ ಎಂಬ, ಹೆಚ್ಚು ಬಗೆಯ ಬೆಳಕು ಬಳಸುವ ಯಂತ್ರದಲ್ಲಿ ರಕ್ತವನ್ನು ಪರೀಕ್ಷಿಸಬೇಕು. ಆದ್ದರಿಂದ 98 ಇದ್ದರೂ ಹುಡುಗನನ್ನು ತಕ್ಷಣ ಬಯಲಿಗೆ ಎಳೆದು ತರಬೇಕು, ಆದಷ್ಟು ಬೇಗ ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಡಿಸಬೇಕು. ಬರೀ ಗಾಳಿಯಲ್ಲಿ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕದಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಗುಂಪು ಗುಂಪಾಗಿ ಬಂದ ಆಮ್ಲಜನಕ, ಕೂತವನನ್ನು ನೂಕಿ ಎಬ್ಬಿಸುತ್ತದೆ.

ನೂಕಿದರೂ ಪ್ರಯೋಜನವಿಲ್ಲದ ಇನ್ನೊಂದು ಸ್ಥಿತಿಯಿದೆ. 1944ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದೇ ದಿನ ಹನ್ನೊಂದು ಮಂದಿ ಬಡ ವೃದ್ಧರು ಮೈ ನೀಲಿಯಾಗಿ ಆಸ್ಪತ್ರೆ ಸೇರಿದರು. ವೈದ್ಯರಿಗೆ ಮೊದಲು ಬಂದ ಅನುಮಾನ ಕಾರ್ಬನ್ ಮಾನಾಕ್ಸೈಡಿನದ್ದೇ. ಆದರೆ ಎಲ್ಲರೂ ಒಂದೇ ಹೋಟೆಲಿನಲ್ಲಿ ಓಟ್ಸ್ ಗಂಜಿ ತಿಂದಿದ್ದರು. ಅಲ್ಲಿ ಉಪ್ಪಿನ ಬದಲು ಮಾಂಸ ಕೆಡದಂತೆ ಬಳಸುವ ಸೋಡಿಯಂ ನೈಟ್ರೈಟ್ ಬೆರೆತಿತ್ತು. ಒಬ್ಬರು ತೀರಿಕೊಂಡರು.

ನೈಟ್ರೈಟ್ ಯಾವ ಪೀಠದ ಮೇಲೂ ಕೂರುವುದಿಲ್ಲ, ಪೀಠವನ್ನೇ ಕೆಡಿಸುತ್ತದೆ. ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನು ಆಮ್ಲಜನಕ ಹಿಡಿಯಲಾರದ ರೂಪಕ್ಕೆ ತಿರುಗಿಸುತ್ತದೆ. ಇದು ಮೆಟ್‌ಹಿಮೋಗ್ಲೋಬಿನ್. ಉಳಿದ ಒಳ್ಳೆಯ ಪೀಠಗಳು ಇಲ್ಲಿಯೂ ಬಿಗಿಹಿಡಿಯುತ್ತವೆ. ಇದು ನಮ್ಮೆಲ್ಲರ ರಕ್ತದಲ್ಲೂ ದಿನಾ ಸ್ವಲ್ಪ ಸ್ವಲ್ಪ ಆಗುತ್ತಲೇ ಇರುತ್ತದೆ. ಕೆಂಪು ರಕ್ತಕಣದೊಳಗಿನ ಕಿಣ್ವವೊಂದು ರಿಪೇರಿ ಮಾಡುತ್ತ ಅದನ್ನು ಶೇಕಡಾ 1ರ ಆಸುಪಾಸಿನಲ್ಲೇ ಇಡುತ್ತದೆ. ಕುಷ್ಠ ಮತ್ತು ಚರ್ಮರೋಗಕ್ಕೆ ಕೊಡುವ ಡ್ಯಾಪ್ಸೋನ್ ಮಾತ್ರೆ, ಬೆಳೆಗೆ ಹೂ ಬಿಡಿಸಲು ಸಿಂಪಡಿಸುವ ನೈಟ್ರೋಬೆಂಜೀನ್ ಇಂಥವು ಅತಿಯಾಗಿ ಒಳಗೆ ಹೋದರೆ ರಿಪೇರಿಯ ವೇಗ ಸಾಲದೆ ಹೋಗುತ್ತದೆ.

ಈ ರಕ್ತ ಚಾಕೊಲೇಟ್ ಬಣ್ಣಕ್ಕಿರುತ್ತದೆ. ಬಿಳಿ ಹೀರುಕಾಗದದ ಮೇಲೆ ಒಂದು ಹನಿ ಹಾಕಿ ಗಾಳಿಗಿಟ್ಟರೆ, ಬರಿ ಆಮ್ಲಜನಕದ ಕೊರತೆಯ ರಕ್ತ ಕೆಂಪಾಗುತ್ತದೆ, ಇದು ಕಂದಾಗಿಯೇ ಉಳಿಯುತ್ತದೆ. ಬೆರಳಿನ ಯಂತ್ರ ಇಲ್ಲಿಯೂ ದಾರಿ ತಪ್ಪುತ್ತದೆ, ಬೇರೆ ಬಗೆಯಲ್ಲಿ. ಎರಡೂ ಬೆಳಕನ್ನು ಈ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಸಮನಾಗಿ ಹೀರುವುದರಿಂದ, ಸ್ಥಿತಿ ಎಷ್ಟೇ ಕೆಟ್ಟರೂ ಅಂಕಿ 85ರ ಬಳಿ ನಿಂತುಬಿಡುತ್ತದೆ. ಆಮ್ಲಜನಕ ಎಷ್ಟು ಕೊಟ್ಟರೂ ನೀಲಿ ಹೋಗದಿದ್ದರೆ, ಅಂಕಿ ಏರದಿದ್ದರೆ, ವೈದ್ಯರು ಅನುಮಾನಿಸುವುದು ಇದನ್ನೇ.

ಇದಕ್ಕೆ ಬೇಕಾದದ್ದು ಕಳೆದುಹೋದ ಎಲೆಕ್ಟ್ರಾನು. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಔಷಧವನ್ನು ದೇಹದ ತೂಕದ ಕಿಲೋಗೆ ಒಂದೆರಡು ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಅದು ರಕ್ತಕಣದೊಳಗೆ ಎಲೆಕ್ಟ್ರಾನನ್ನು ಪಡೆದು ಕಬ್ಬಿಣಕ್ಕೆ ಒಪ್ಪಿಸುತ್ತದೆ. ಸಾಮಾನ್ಯವಾಗಿ ಗಂಟೆಯೊಳಗೆ ನೀಲಿ ತಿಳಿಯಾಗುತ್ತದೆ. ಆದರೆ ಆ ಎಲೆಕ್ಟ್ರಾನ್ ಒದಗಿಸಲು ಜಿ6ಪಿಡಿ ಎಂಬ ಇನ್ನೊಂದು ಕಿಣ್ವ ಬೇಕು. ಹುಟ್ಟಿನಿಂದಲೇ ಅದರ ಕೊರತೆ ಇರುವವರಿಗೆ ಇದೇ ಔಷಧ ಕೆಲಸ ಮಾಡದಿರುವುದಷ್ಟೇ ಅಲ್ಲ, ರಕ್ತಕಣಗಳನ್ನೇ ಒಡೆಯಬಲ್ಲದು. ಆದ್ದರಿಂದ ಸೂಜಿ ಎತ್ತುವ ಮೊದಲು ವೈದ್ಯರು ಮನೆಯವರನ್ನು ಕೇಳುತ್ತಾರೆ: ಹಿಂದೆ ಯಾವುದಾದರೂ ಮಾತ್ರೆ ತಿಂದು ಕಾಮಾಲೆ ಬಂದಿತ್ತೇ, ಮೂತ್ರ ಕಪ್ಪಗೆ ಹೋಗಿತ್ತೇ?