ವಾಟ್ಸ್‌ಆ್ಯಪ್ ಬ್ಯಾಕಪ್: ಫೈಲ್ ಎಲ್ಲಿ, ಕೀಲಿ ಎಲ್ಲಿ?

ಆಂಡ್ರಾಯ್ಡ್ ಫೋನಿನಲ್ಲಿರುವ ವಾಟ್ಸ್‌ಆ್ಯಪ್ ಪ್ರತಿ ರಾತ್ರಿ ಎರಡು ಗಂಟೆಗೆ, ಯಾರೂ ಹೇಳದಿದ್ದರೂ, ಒಂದು ಕೆಲಸ ಮಾಡುತ್ತದೆ. ಅಲ್ಲಿಯವರೆಗಿನ ಸಂದೇಶಗಳನ್ನೆಲ್ಲ ಒಟ್ಟುಗೂಡಿಸಿ, ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಫೋನಿನೊಳಗೇ ಬ್ಯಾಕಪ್ ಫೈಲಾಗಿ ಇಡುತ್ತದೆ. ಗೂಗಲ್ ಖಾತೆ ಜೋಡಿಸದೆ ಇದ್ದರೂ ಇದು ನಡೆಯುತ್ತದೆ. ಐಫೋನಿನಲ್ಲಿ ಹೀಗೆ ಕೈಗೆ ಸಿಗುವ ಫೈಲ್ ಇರುವುದಿಲ್ಲ, ಅಲ್ಲಿ ಬ್ಯಾಕಪ್ ಐಕ್ಲೌಡ್‌ಗೆ ಹೋಗುತ್ತದೆ. ಹಾಗಾಗಿ ಇಲ್ಲಿ ಹೇಳುವುದು ಆಂಡ್ರಾಯ್ಡ್‌ನ ಮಾತು.

ಫೋನಿನ ಫೈಲ್ ಮ್ಯಾನೇಜರ್ ತೆರೆದು ಈ ಜಾಗಕ್ಕೆ ಹೋದರೆ ಅದನ್ನು ಕಣ್ಣಾರೆ ನೋಡಬಹುದು:

```
Android/media/com.whatsapp/WhatsApp/Databases
```

ಒಳಗೆ `msgstore.db` ಎಂದು ಶುರುವಾಗಿ `crypt14` ಅಥವಾ `crypt15` ಎಂದು ಮುಗಿಯುವ ಫೈಲ್ ಇರುತ್ತದೆ. ಅದು ತೀರಾ ಇತ್ತೀಚಿನ ಬ್ಯಾಕಪ್. ಜೊತೆಗೆ ಹೆಸರಿನಲ್ಲೇ ದಿನಾಂಕ ಹೊತ್ತ ಹಳೆಯ ಪ್ರತಿಗಳೂ ಇರುತ್ತವೆ. ಸುಮಾರು ಏಳು ದಿನಗಳ ಪ್ರತಿಗಳು ಉಳಿದು, ಅದಕ್ಕಿಂತ ಹಳೆಯವು ತಾವಾಗಿಯೇ ಅಳಿದುಹೋಗುತ್ತವೆ.

ಈ ಫೈಲನ್ನು ಬೀಗ ಹಾಕಿದ ಪೆಟ್ಟಿಗೆ ಎಂದುಕೊಳ್ಳಿ. ಪೆಟ್ಟಿಗೆ ನಿಮ್ಮ ಫೋನಿನಲ್ಲಿದೆ ಸರಿ, ಕೀಲಿ ಯಾರ ಕೈಯಲ್ಲಿದೆ? ನೀವು ಏನನ್ನೂ ಬದಲಿಸದಿದ್ದರೆ ಅದು ಆ್ಯಪ್‌ನ ಒಳಭಾಗದಲ್ಲಿಯೂ ಕಂಪನಿಯ ಬಳಿಯೂ ಇರುತ್ತದೆ. ಹೊಸ ಫೋನಿನಲ್ಲಿ ನಿಮ್ಮ ನಂಬರಿಗೆ ಬಂದ ಓಟಿಪಿ ಹಾಕಿದರೆ ಸಾಕು, ಬೀಗ ತೆರೆಯುತ್ತದೆ. ಇದು ಸುಲಭ, ಆದರೆ ಇದರಲ್ಲಿ ಎರಡು ತೊಡಕುಗಳಿವೆ. ನಿಮ್ಮ ಸಿಮ್ಮೂ ಬ್ಯಾಕಪ್ ಫೈಲೂ ಒಬ್ಬರ ಕೈಗೇ ಸಿಕ್ಕಿದರೆ ಅವರೂ ಅದನ್ನು ತೆರೆಯಬಹುದು. ನಂಬರ್ ನಿಮ್ಮ ಕೈತಪ್ಪಿದರೆ ಫೈಲ್ ಕೈಯಲ್ಲಿದ್ದೂ ನೀವೇ ಹೊರಗುಳಿಯುತ್ತೀರಿ.

ಕೀಲಿಯನ್ನು ನಿಮ್ಮದಾಗಿಸಿಕೊಳ್ಳುವ ದಾರಿಯನ್ನು ವಾಟ್ಸ್‌ಆ್ಯಪ್ 2021ರಲ್ಲಿ ತಂದಿತು. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಎಂದು ಒಂದೊಂದಾಗಿ ಒಳಹೋದರೆ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’ ಎಂಬ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡುವಾಗ ನೀವೇ ಒಂದು ಪಾಸ್‌ವರ್ಡ್ ಇಡಬಹುದು, ಇಲ್ಲವೇ ಆ್ಯಪ್ ಕೊಡುವ 64 ಅಕ್ಷರ-ಅಂಕಿಗಳ ಕೀಲಿಯನ್ನು ಆರಿಸಬಹುದು. ಹೊಸ ಆವೃತ್ತಿಗಳಲ್ಲಿ ಬೆರಳಚ್ಚು ಅಥವಾ ಮುಖದ ಗುರುತಿನಿಂದ ತೆರೆಯುವ ಪಾಸ್‌ಕೀ ಕೂಡ ಇದೆ. ಆಮೇಲೆ ಫೋನಿನಲ್ಲಿ ಉಳಿಯುವ ಫೈಲಿನ ಕೊನೆಯಲ್ಲಿ `crypt15` ಎಂದು ಕಾಣಿಸುತ್ತದೆ.

ಪಾಸ್‌ವರ್ಡ್ ಮತ್ತು 64ರ ಕೀಲಿಯ ನಡುವಿನ ವ್ಯತ್ಯಾಸ ತಿಳಿದು ಆರಿಸಬೇಕು. ಪಾಸ್‌ವರ್ಡ್ ಇಟ್ಟರೆ ಅಸಲು ಕೀಲಿಯು ಕಂಪನಿಯ ವಿಶೇಷ ಭದ್ರತಾ ಯಂತ್ರದೊಳಗೆ ಇರುತ್ತದೆ. ಸರಿಯಾದ ಪಾಸ್‌ವರ್ಡ್ ಕೊಟ್ಟಾಗ ಮಾತ್ರ ಆ ಯಂತ್ರ ಕೀಲಿಯನ್ನು ಬಿಟ್ಟುಕೊಡುತ್ತದೆ. ಪದೇಪದೇ ತಪ್ಪು ಪಾಸ್‌ವರ್ಡ್ ಹಾಕಿದರೆ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 64ರ ಕೀಲಿ ಹಾಗಲ್ಲ, ಅದು ನಿಮ್ಮ ಬಳಿ ಮಾತ್ರ ಇರುತ್ತದೆ, ಕಳೆದರೆ ಮತ್ತೆ ಕೊಡುವವರಿಲ್ಲ. ಹೆಚ್ಚಿನವರಿಗೆ ಪಾಸ್‌ವರ್ಡೇ ಸಾಕು. ಆದರೆ ಹುಟ್ಟಿದ ದಿನಾಂಕವೋ ಮಗುವಿನ ಹೆಸರೋ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ಊಹಿಸುವುದು ಕಷ್ಟ, ನೆನಪಿಡುವುದು ಸುಲಭ.

ಅದನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿ ಪಾಸ್‌ವರ್ಡ್ ಉಳಿಸಿಕೊಳ್ಳುವವರು ಬಹಳ ಮಂದಿ. ಫೋನ್ ಹೋದ ದಿನ ಆ ಪಾಸ್‌ವರ್ಡ್ ಓದಲು ಅದೇ ಪಾಸ್‌ವರ್ಡ್ ಬೇಕಾಗುತ್ತದೆ. ಮರೆತಿದ್ದೀರಿ ಎಂದು ಈಗಲೇ ಅನಿಸಿದರೆ, ಆ್ಯಪ್ ಫೋನಿನಲ್ಲಿ ತೆರೆದಿರುವಾಗಲೇ ಅದೇ ಸೆಟ್ಟಿಂಗ್‌ಗೆ ಹೋಗಿ ಫೋನಿನ ಪಿನ್ ಅಥವಾ ಬೆರಳಚ್ಚು ಕೊಟ್ಟು ಹೊಸದನ್ನು ಇಡಬಹುದು. ಫೋನ್ ಕೈತಪ್ಪಿದ ಮೇಲೆ ಈ ದಾರಿ ಇಲ್ಲ.

ಇನ್ನು ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆ. ಸೆಟ್ಟಿಂಗ್‌ನಲ್ಲಿ ಕಾಣುವ ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂಬ ಆಯ್ಕೆಗಳು ಗೂಗಲ್ ಖಾತೆಗೆ ಹೋಗುವ ಬ್ಯಾಕಪ್‌ಗೆ ಸೇರಿದವು. ಫೋನಿನೊಳಗಿನದು ಹೇಗಿದ್ದರೂ ದಿನಕ್ಕೊಮ್ಮೆ ಆಗುತ್ತದೆ. ಫೋನ್ ಆಫ್ ಆಗಿದ್ದರೆ ಅಥವಾ ಜಾಗ ತುಂಬಿದ್ದರೆ ತಪ್ಪಿಹೋಗಬಹುದು. ಚಾಟ್ ಬ್ಯಾಕಪ್ ಪರದೆಯ ಮೇಲ್ಭಾಗದಲ್ಲಿ ಕೊನೆಯ ಲೋಕಲ್ ಬ್ಯಾಕಪ್‌ನ ಸಮಯ ಇರುತ್ತದೆ. ಅದು ಹಳೆಯ ದಿನದ್ದಾಗಿದ್ದರೆ ಏನೋ ಅಡ್ಡಿಯಾಗಿದೆ ಎಂದರ್ಥ. ಜಾಗ ಮಾಡಿಕೊಟ್ಟು, ‘ಬ್ಯಾಕಪ್’ ಗುಂಡಿ ಒತ್ತಿ.

ನೀವು ನಿಜವಾಗಿ ನಿರ್ಧರಿಸಬೇಕಾದದ್ದು ಆ ಫೈಲನ್ನು ಫೋನಿನಿಂದ ಆಚೆಗೆ ಎಷ್ಟು ದಿನಕ್ಕೊಮ್ಮೆ ಒಯ್ಯಬೇಕು ಎಂಬುದನ್ನು. ಫೋನ್ ಬಸ್ಸಿನಲ್ಲಿ ಕಳೆದರೆ ಅದರೊಳಗಿನ ಏಳು ಪ್ರತಿಗಳೂ ಅದರ ಜೊತೆಗೇ ಹೋಗುತ್ತವೆ. ಆರ್ಡರು, ಬಾಕಿ ಲೆಕ್ಕಗಳೆಲ್ಲ ಚಾಟಿನಲ್ಲೇ ಇರುವ ವ್ಯಾಪಾರಿಗೆ ವಾರಕ್ಕೊಮ್ಮೆ ಬೇಕು, ಮನೆಮಂದಿಯ ಮಾತುಕತೆಗೆ ತಿಂಗಳಿಗೊಮ್ಮೆ ಸಾಕಾದೀತು. `Databases` ಮತ್ತು ಅದರ ಪಕ್ಕದ `Backups` ಫೋಲ್ಡರುಗಳನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೋ ಕಂಪ್ಯೂಟರಿಗೋ ನಕಲು ಮಾಡಿ. ಒಂದು ಮಾತು ಗಮನದಲ್ಲಿರಲಿ. ಫೋಟೊ, ವಿಡಿಯೊಗಳು ಈ ಫೈಲಿನಲ್ಲಿಲ್ಲ. ಅವು `Media` ಫೋಲ್ಡರಿನಲ್ಲಿ ಎನ್‌ಕ್ರಿಪ್ಷನ್ ಇಲ್ಲದೆ ಇರುತ್ತವೆ. ಅವನ್ನೂ ನಕಲು ಮಾಡಿದರೆ ಆ ಪೆನ್‌ಡ್ರೈವ್ ಸಿಕ್ಕವರು ಚಿತ್ರಗಳನ್ನು ನೋಡಬಲ್ಲರು. ಆದ್ದರಿಂದ ಅದನ್ನು ಬೀರುವಿನಲ್ಲಿಡಿ, ಪಾಸ್‌ವರ್ಡ್ ಬರೆದ ಕಾಗದವನ್ನು ಬೇರೆ ಕಡೆ ಇಡಿ.

ಈ ಫೈಲುಗಳು ಕೆಲಸಕ್ಕೆ ಬರುವ ಸಂದರ್ಭವೊಂದನ್ನು ನೋಡೋಣ. ಶಿರಸಿಯ ಕಿರಾಣಿ ವ್ಯಾಪಾರಿಯೊಬ್ಬರು ಗುರುವಾರ ಸಂಜೆ ಕೈತಪ್ಪಿ ಬಾಕಿ ಲೆಕ್ಕವಿದ್ದ ಚಾಟನ್ನೇ ಅಳಿಸಿದರು ಎನ್ನೋಣ. ಅವರು ಗೂಗಲ್ ಬ್ಯಾಕಪ್ ಇಟ್ಟಿಲ್ಲ. ತಿಳಿದದ್ದು ಶುಕ್ರವಾರ ಬೆಳಿಗ್ಗೆ. ಅಷ್ಟರಲ್ಲಿ ರಾತ್ರಿ ಎರಡರ ಹೊಸ ಬ್ಯಾಕಪ್ ಆಗಿದೆ, ಅದರಲ್ಲಿ ಆ ಚಾಟ್ ಇಲ್ಲ. ಬೇಕಾದದ್ದು ಗುರುವಾರ ನಸುಕಿನ ಪ್ರತಿ. ಮೊದಲು ಅವರು `WhatsApp` ಫೋಲ್ಡರನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ನಕಲು ಮಾಡಬೇಕು. ಆ್ಯಪ್ ತೆಗೆದುಹಾಕುವಾಗ ಆ ಫೋಲ್ಡರೂ ಅಳಿದುಹೋಗಬಹುದು, ಆದ್ದರಿಂದ ಈ ಹೆಜ್ಜೆ ತಪ್ಪಿಸುವಂತಿಲ್ಲ. ಬಳಿಕ ನಕಲಿನಲ್ಲಿ ಗುರುವಾರ ನಸುಕಿನ ಫೈಲನ್ನು ಹೆಸರಿನ ದಿನಾಂಕ ಮತ್ತು ಬದಲಾದ ಸಮಯ ಎರಡನ್ನೂ ನೋಡಿ ಗುರುತಿಸಬೇಕು. ಅದರ ಹೆಸರಿನಿಂದ ದಿನಾಂಕದ ಭಾಗವನ್ನಷ್ಟೇ ತೆಗೆಯಬೇಕು:

```
msgstore-2025-06-12.1.db.crypt15
msgstore.db.crypt15
```

ಕೊನೆಯ `crypt15` ಅನ್ನು ಮುಟ್ಟಬಾರದು. ಉಳಿದ `msgstore` ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸಿಡಬೇಕು. ಆ್ಯಪ್ ತೆಗೆದು ಮತ್ತೆ ಹಾಕಿ, ಈ ಫೈಲನ್ನು ಅದೇ `Databases` ಜಾಗದಲ್ಲಿಟ್ಟು, ಅದೇ ನಂಬರಿನಿಂದ ಒಳಹೋದಾಗ ‘ರಿಸ್ಟೋರ್’ ಮಾಡಬೇಕೇ ಎಂದು ಕೇಳುತ್ತದೆ. ಅಲ್ಲಿ ‘ಸ್ಕಿಪ್’ ಒತ್ತಿದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ‘ರಿಸ್ಟೋರ್’ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಬಾಕಿ ಲೆಕ್ಕ ಮರಳುತ್ತದೆ. ಗುರುವಾರ ನಸುಕಿನ ನಂತರ ಬಂದ ಸಂದೇಶಗಳು ಮಾತ್ರ ಅದರಲ್ಲಿ ಇರುವುದಿಲ್ಲ, ಎರಡು ಬ್ಯಾಕಪ್‌ಗಳನ್ನು ಬೆರೆಸಲು ಬರುವುದಿಲ್ಲ. ಮುಖ್ಯವಾದವನ್ನು ಮೊದಲೇ ಸ್ಕ್ರೀನ್‌ಶಾಟ್ ತೆಗೆದುಕೊಂಡಿರಬೇಕು. ಎಂಟು-ಹತ್ತು ದಿನ ತಡವಾಗಿ ತಿಳಿದಿದ್ದರೆ ಫೋನಿನಲ್ಲಿ ಆ ಪ್ರತಿಯೇ ಉಳಿದಿರುತ್ತಿರಲಿಲ್ಲ. ಆಗ ಕೈಹಿಡಿಯುವುದು ಹಿಂದಿನ ವಾರ ಪೆನ್‌ಡ್ರೈವಿಗೆ ಹೋದ ನಕಲು.

ಎನ್‌ಕ್ರಿಪ್ಷನ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ, ಕೀಲಿ ಬದಲಿಸಿದರೆ, ಪೆನ್‌ಡ್ರೈವಿನಲ್ಲಿರುವ ಹಳೆಯ ಫೈಲುಗಳು ಹೊಸ ಕೀಲಿಗೆ ತೆರೆದುಕೊಳ್ಳುತ್ತವೆ ಎಂದು ನಂಬಬೇಡಿ. ಬದಲಿಸಿದ ದಿನವೇ ಹೊಸ ಬ್ಯಾಕಪ್ ತೆಗೆದು ಆಚೆಗೆ ನಕಲು ಮಾಡಿ, ಕಾಗದದಲ್ಲಿ ಹೊಸ ಕೀಲಿಯ ಪಕ್ಕದಲ್ಲಿ ಆ ದಿನಾಂಕವನ್ನೂ ಬರೆಯಿರಿ. ಯಾವ ಫೈಲಿಗೆ ಯಾವ ಕೀಲಿ ಎಂಬುದು ಆಗ ನಿಮಗೂ ಗೊತ್ತಿರುತ್ತದೆ, ನಿಮ್ಮ ಪರವಾಗಿ ಮನೆಯವರು ತೆರೆಯಬೇಕಾಗಿ ಬಂದರೆ ಅವರಿಗೂ ತಿಳಿಯುತ್ತದೆ.