ವೇಳಾಪಟ್ಟಿಯ ಮನೆಗಳನ್ನು ಕಂಪ್ಯೂಟರ್ ಗುರುತಿಸುವ ಬಗೆ

ತರಗತಿಯ ಗೋಡೆಯ ಮೇಲಿನ ವೇಳಾಪಟ್ಟಿಯ ಫೋಟೋದಿಂದ ‘ಬುಧವಾರ: 1 ಗಣಿತ, 2 ಕನ್ನಡ’ ಎಂಬಂತೆ ದಿನಕ್ಕೊಂದು ಸಾಲು ಪಡೆಯಬೇಕು. ಅಚ್ಚಾದ ಅಕ್ಷರ ಓದುವುದು ಈಗ ಕಂಪ್ಯೂಟರಿಗೆ ಅಷ್ಟೇನೂ ಕಷ್ಟವಲ್ಲ. ಯಾವ ಪದ ಯಾವ ಮನೆಗೆ ಸೇರಿದ್ದು ಎಂಬಲ್ಲೇ ಅದು ಎಡವುತ್ತದೆ.

ಓರೆಯಾಗಿ ನಿಂತು ತೆಗೆದ ಫೋಟೋದಲ್ಲಿ ಪಟ್ಟಿಯ ಆಯತ ಸೊಟ್ಟಗಾಗಿರುತ್ತದೆ. ಅದನ್ನು ನೆಟ್ಟಗೆ ಮಾಡುವ ಸೂತ್ರದಲ್ಲಿ ಎಂಟು ಅಜ್ಞಾತ ಸಂಖ್ಯೆಗಳಿವೆ. ಒಂದು ಮೂಲೆ ಎರಡು ಸಮೀಕರಣ ಕೊಡುವುದರಿಂದ ನಾಲ್ಕು ಮೂಲೆ ಸಿಕ್ಕರೆ ಸಾಕು. ಹಾಳೆ ಗೋಡೆಯಿಂದ ಉಬ್ಬಿಕೊಂಡಿದ್ದರೆ ಮಾತ್ರ ಈ ಲೆಕ್ಕ ನಡೆಯದು, ಗೆರೆಗಳು ಬಾಗಿಯೇ ಉಳಿಯುತ್ತವೆ.

ಮುಂದೆ ಗೆರೆ ಹುಡುಕಬೇಕು. 1962ರಲ್ಲಿ ಪಾಲ್ ಹಫ್ ಪೇಟೆಂಟ್ ಪಡೆದ ವಿಧಾನದ ಸುಧಾರಿತ ರೂಪ ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಪ್ರತಿಯೊಂದು ಕಪ್ಪು ಚುಕ್ಕಿಯೂ ತನ್ನ ಮೂಲಕ ಹಾದುಹೋಗಬಹುದಾದ ಎಲ್ಲ ಗೆರೆಗಳಿಗೂ ಮತ ಹಾಕುತ್ತದೆ. ಹೆಚ್ಚು ಮತ ಬಿದ್ದದ್ದು ನಿಜವಾದ ಗೆರೆ. ಅಕ್ಷರದ ಗೀಟುಗಳು ಚಿಕ್ಕವಾದ್ದರಿಂದ ಸೋಲುತ್ತವೆ.

ಈಗ ಒಂದು ಬುಧವಾರವನ್ನು ನೋಡೋಣ. ಏಳು ಪೀರಿಯಡ್‌ಗಳು, ನಾಲ್ಕನೆಯದರ ನಂತರ ಊಟದ ಬಿಡುವು. ವಿಜ್ಞಾನ ಪ್ರಯೋಗಕ್ಕೆ 3 ಮತ್ತು 4ನೇ ಮನೆಗಳನ್ನು ಕೂಡಿಸಿ ಒಂದೇ ಮಾಡಿದ್ದಾರೆ. ಬಿಡುವಿನ ಕಂಬಸಾಲಿನಲ್ಲಿ ‘ಊಟದ ವಿರಾಮ’ ಎಂದು ಮೇಲಿನಿಂದ ಕೆಳಕ್ಕೆ, ದಿನಕ್ಕೊಂದು ಅಕ್ಷರದಂತೆ ಬರೆದಿದೆ. ಆರು ದಿನ, ಆರು ಅಕ್ಷರ. ಬುಧವಾರದ ಪಾಲಿಗೆ ‘ದ’. ಎಡದಿಂದ ಬಲಕ್ಕೆ ಸುಮ್ಮನೆ ಎಣಿಸುತ್ತ ಹೋದರೆ ಗಣಿತ, ಕನ್ನಡ, ವಿಜ್ಞಾನ, ದ, ಹಿಂದಿ, ಸಮಾಜ, ಇಂಗ್ಲಿಷ್ ಎಂದು ಸರಿಯಾಗಿ ಏಳು ಬರುತ್ತದೆ! ಕೂಡಿಸಿದ ಮನೆಯಿಂದ ಒಂದು ಕಡಿಮೆಯಾಯಿತು, ಬಿಡುವಿನಿಂದ ಒಂದು ಹೆಚ್ಚಾಯಿತು. ಹಾಗಾಗಿ ಬರೀ ಎಣಿಕೆ ನೋಡಿ ಸಾಲನ್ನು ನಂಬುವಂತಿಲ್ಲ.

ನಂಬಬೇಕಾದದ್ದು ಅಳತೆಯನ್ನು. ತಲೆಸಾಲಿನಲ್ಲಿ 3ನೇ ಪೀರಿಯಡ್ ಎಡ ಅಂಚಿನಿಂದ 320ನೇ ಚುಕ್ಕಿಯಲ್ಲಿ ಶುರುವಾಗಿ 420ಕ್ಕೆ ಮುಗಿಯುತ್ತದೆ, 4ನೆಯದು 520ಕ್ಕೆ, ಬಿಡುವು 560ಕ್ಕೆ ಎಂದುಕೊಳ್ಳಿ. ವಿಜ್ಞಾನದ ಮನೆ 320ರಿಂದ 520ರವರೆಗೆ ಚಾಚಿದೆ. ಅಂದರೆ ಎರಡು ಪೀರಿಯಡ್‌ಗಳೂ ಅದರವೇ. ‘ದ’ ಇರುವ ಜಾಗದ ತಲೆಯ ಮೇಲೆ ಪೀರಿಯಡ್ ಸಂಖ್ಯೆಯೇ ಇಲ್ಲ, ಅದನ್ನು ಬಿಡಬೇಕು. ಆಗ ಸಿಗುವ ಸಾಲು:

ಬುಧವಾರ: 1 ಗಣಿತ, 2 ಕನ್ನಡ, 3 ವಿಜ್ಞಾನ, 4 ವಿಜ್ಞಾನ, 5 ಹಿಂದಿ, 6 ಸಮಾಜ, 7 ಇಂಗ್ಲಿಷ್

ಲ್ಯಾಮಿನೇಟ್ ಮಾಡಿದ ಹಾಳೆಯ ಮೇಲೆ ಟ್ಯೂಬ್‌ಲೈಟ್ ಹೊಳೆದರೆ ಇನ್ನೊಂದು ತೊಡಕು. ಅಲ್ಲಿನ ಗೆರೆ ಅಳಿಸಿಹೋಗಿ, ಕೂಡಿಸದ ಮನೆಗಳೂ ಕೂಡಿಕೊಂಡಂತೆ ಕಾಣುತ್ತವೆ. ಇದನ್ನು ಹಿಡಿಯುವುದು ಸುಲಭ: ನಿಜವಾಗಿ ಕೂಡಿಸಿದ ಮನೆಯಲ್ಲಿ ಒಂದೇ ವಿಷಯ ನಡುವಿನಲ್ಲಿರುತ್ತದೆ, ಗೆರೆ ಅಳಿಸಿದ್ದರಲ್ಲಿ ಎರಡು ವಿಷಯಗಳು ಅಕ್ಕಪಕ್ಕ ಕೂತಿರುತ್ತವೆ. ಆ ಎರಡೂ ವಿಷಯ ಒಂದೇ ಆಗಿದ್ದರೂ ಚಿಂತೆಯಿಲ್ಲ, ಸಾಲು ಬದಲಾಗುವುದಿಲ್ಲ. ಕೊನೆಗೆ ಪ್ರತಿ ವಿಷಯಕ್ಕೆ ವಾರದಲ್ಲಿ ಎಷ್ಟು ಪೀರಿಯಡ್ ಬಂತೆಂದು ಕೂಡಿಸಿ, ಶಾಲೆಯ ಹಂಚಿಕೆಯೊಂದಿಗೆ ತಾಳೆ ನೋಡಬೇಕು. ವಿಜ್ಞಾನಕ್ಕೆ ಒಂದು ಕಡಿಮೆ ಬಿದ್ದಿದ್ದರೆ ಮೊದಲು ಹುಡುಕಬೇಕಾದದ್ದು ಪ್ರಯೋಗದ ದಿನದ ಸಾಲಿನಲ್ಲಿ.